ಎಲೆಯಡಿಕೆಯ ಕೆಂಪೋ, ರಕ್ತದ ಕೆಂಪೋ?

ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಲ್ಲಿ ಉಗುಳು ಕೆಂಪಾಗಿದ್ದರೆ ಯಾರೂ ಬೆಚ್ಚಿಬೀಳುವುದಿಲ್ಲ. ವೀಳ್ಯದೆಲೆ, ಅಡಿಕೆ, ಸುಣ್ಣ ಬಾಯಿಗೆ ಬಿದ್ದರೆ ಆಗುವುದೇ ಹಾಗೆ. ಕಷ್ಟ ಇರುವುದೂ ಅಲ್ಲಿಯೇ: ಕಫದಲ್ಲಿ ನಿಜವಾದ ರಕ್ತದ ಎಳೆ ಬಂದಾಗಲೂ ಅದು ಎಲೆಯಡಿಕೆಯ ಲೆಕ್ಕಕ್ಕೆ ಹೋಗಿಬಿಡುತ್ತದೆ.

ಐವತ್ತೈದು ದಾಟಿದ ಒಬ್ಬ ಕೃಷಿಕರನ್ನು ಊಹಿಸಿಕೊಳ್ಳಿ. ಎಲೆಯಡಿಕೆ ಬಿಟ್ಟಿರಲಾರರು, ಬೀಡಿಯೂ ಉಂಟು. ಮೂರು ವಾರದಿಂದ ಕೆಮ್ಮು. ಮೊದಲು ಬಿಳಿಯಿದ್ದ ಕಫ ಹಳದಿಯಾಗಿ ಹಸಿರಿಗೆ ತಿರುಗಿದೆ. ಹಸಿರು ಎಂದೊಡನೆ ಆಂಟಿಬಯೋಟಿಕ್ ಕೇಳುವುದು ರೂಢಿ. ಆದರೆ ಆ ಬಣ್ಣ ಬರುವುದು ರೋಗಾಣುವಿನಿಂದಲ್ಲ. ಅದರೊಡನೆ ಹೋರಾಡಲು ಬಂದ ಬಿಳಿ ರಕ್ತಕಣಗಳೊಳಗಿನ ಹಸಿರು ಕಿಣ್ವದಿಂದ. ವೈರಸ್‌ ಸೋಂಕಿನಲ್ಲೂ ಕಫ ಹಸಿರಾಗಬಹುದು. ಜ್ವರ, ಉಸಿರು ಎಳೆದಾಗ ಎದೆನೋವು, ಏದುಸಿರು ಇದ್ದರೆ ನ್ಯುಮೋನಿಯಾದ ಶಂಕೆ ಬಲವಾಗುತ್ತದೆ. ಬರೀ ಬಣ್ಣ ನೋಡಿ ಅಂಗಡಿಯಿಂದ ಲೆವೊಫ್ಲಾಕ್ಸಸಿನ್‌ನಂಥ ಮಾತ್ರೆ ನುಂಗಿದರೆ ಇನ್ನೊಂದು ಎಡವಟ್ಟು: ಒಳಗೆ ಕ್ಷಯವಿದ್ದರೆ ಅದು ಕೆಲವು ದಿನ ತಗ್ಗಿದಂತೆ ಕಂಡು, ಪತ್ತೆ ತಡವಾಗುತ್ತದೆ.

ಇನ್ನು ಕೆಂಪಿನ ವಿಚಾರ. ಬೆಳಿಗ್ಗೆ ಎಲೆ ಹಾಕುವ ಮೊದಲೇ ಬಾಯಿ ಚೆನ್ನಾಗಿ ಮುಕ್ಕಳಿಸಿ, ಆಳವಾಗಿ ಉಸಿರೆಳೆದು ಕೆಮ್ಮಿ, ಕಫವನ್ನು ಬಿಳಿ ಬಟ್ಟೆಯ ಮೇಲೆ ತೆಗೆದು ನೋಡಬೇಕು. ಎಲೆಯಡಿಕೆಯ ಬಣ್ಣ ನೀರುನೀರಾದ ಉಗುಳಿನ ತುಂಬ ಇಟ್ಟಿಗೆಗೆಂಪಾಗಿ ಹರಡಿರುತ್ತದೆ, ಅಡಿಕೆಯ ಚೂರೂ ಸಿಗಬಹುದು. ಎದೆಯಿಂದ ಬಂದ ರಕ್ತ ಅಂಟಂಟಾದ ಕಫದೊಳಗೆ ಎಳೆಯಾಗಿ ಅಥವಾ ನೊರೆಯೊಡನೆ ಕಾಣುತ್ತದೆ. ಒಸಡಿನದ್ದೋ ಮೂಗಿನದ್ದೋ ಆದರೆ ಕೆಮ್ಮದೆಯೂ ಬರುತ್ತದೆ. ವಾಂತಿಯೊಡನೆ ಕಾಫಿಪುಡಿಯ ಬಣ್ಣದಲ್ಲಿ ಬಂದರೆ ಅದು ಹೊಟ್ಟೆಯದು. ಅನುಮಾನ ಉಳಿದರೆ ರಕ್ತವೆಂದೇ ತಿಳಿದು ಹೊರಡುವುದು ಒಳ್ಳೆಯದು.

ಎರಡು ವಾರ ದಾಟಿದ ಕೆಮ್ಮು ಅಥವಾ ಕಫದಲ್ಲಿ ರಕ್ತವಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಕಫ ಪರೀಕ್ಷೆ ಉಚಿತ. ಡಬ್ಬಿಗೆ ಉಗುಳು ತುಂಬಿಸಿ ಕೊಟ್ಟರೆ ಇದ್ದ ಕ್ಷಯವೂ ತಪ್ಪಿಹೋಗಬಹುದು. ಬೇಕಾದದ್ದು ಎದೆಯಾಳದ ಕಫ. ಕ್ಷಯವೆಂದು ತಿಳಿದರೆ ಸಾಮಾನ್ಯವಾಗಿ 6 ತಿಂಗಳ ಚಿಕಿತ್ಸೆ. ಅದರಲ್ಲಿರುವ ರಿಫಾಂಪಿಸಿನ್ ಮೂತ್ರ, ಬೆವರು, ಕಫವನ್ನೂ ಕಿತ್ತಳೆಗೆಂಪಾಗಿಸುತ್ತದೆ. ಅದಕ್ಕೆ ಹೆದರಿ ಮಾತ್ರೆ ಬಿಡಬಾರದು.

ಪರೀಕ್ಷೆಯಲ್ಲಿ ಕ್ಷಯ ಸಿಗದಿದ್ದರೆ ನಮ್ಮ ಕೃಷಿಕರು ನಿಟ್ಟುಸಿರುಬಿಟ್ಟು ಮನೆಗೆ ಬರುವಂತಿಲ್ಲ. ಹಿಂದೆಂದೋ ವಾಸಿಯಾದ ಕ್ಷಯದ ಕಲೆಯಿಂದ ಶ್ವಾಸನಾಳ ಹಿಗ್ಗಿ ಸೋರುತ್ತಿರಬಹುದು, ಹಳೆಯ ಗುಳಿಯಲ್ಲಿ ಶಿಲೀಂಧ್ರ ಮನೆ ಮಾಡಿರಬಹುದು. ಬೀಡಿ ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರನ್ನು ಹುಡುಕಲೇಬೇಕು. ಎಕ್ಸ್‌ರೇ ಚೆನ್ನಾಗಿದ್ದರೂ ಸಣ್ಣ ಗಡ್ಡೆ ಹೃದಯದ ನೆರಳಿನ ಹಿಂದೆ ಅಡಗಿರಬಲ್ಲದು. ಅದಕ್ಕೇ ಸಿಟಿ ಸ್ಕ್ಯಾನ್, ಬೇಕಾದರೆ ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ಬ್ರಾಂಕೋಸ್ಕೋಪಿ. ಎಳೆಯಲ್ಲ, ಚಮಚಗಟ್ಟಲೆ ರಕ್ತ ಬಂದರೆ ಮಾತ್ರ ಬೆಳಗಾಗಲಿ ಎಂದು ಕಾಯುವ ಪ್ರಶ್ನೆಯಿಲ್ಲ. ಯಾವ ಪಕ್ಕದಿಂದ ರಕ್ತ ಬರುತ್ತಿದೆಯೆಂದು ಗೊತ್ತಿದ್ದರೆ ಅದೇ ಮಗ್ಗುಲಿಗೆ ಮಲಗಿಸಿ, ತಕ್ಷಣ ವಾಹನ ಕರೆಯಬೇಕು.