ಒಂದು ಶಿಶುವಿಗೆ ಎರಡು ವಯಸ್ಸು

ಪ್ರಶ್ನೆ: ದಿನ ತುಂಬುವ ಮುನ್ನ, 32 ವಾರಕ್ಕೇ ಹುಟ್ಟಿದ ಮೊಮ್ಮಗಳಿಗೆ ನಾಲ್ಕು ತಿಂಗಳಾದರೂ ಕತ್ತು ನಿಂತಿಲ್ಲ. ಕೋಷ್ಟಕವನ್ನು ಓದುವುದು ಹೇಗೆ?

ಉತ್ತರ: ಬೆಳವಣಿಗೆಯ ಕೋಷ್ಟಕಗಳು 40 ವಾರ ಗರ್ಭದಲ್ಲಿದ್ದು ಜನಿಸಿದ ಶಿಶುವನ್ನೇ ಪ್ರಮಾಣವಾಗಿ ಇರಿಸಿಕೊಂಡು ರಚಿತವಾದುವಾದ್ದರಿಂದ, ತಮ್ಮ ಮೊಮ್ಮಗಳು ಕಳೆದುಕೊಂಡ ಎಂಟು ವಾರಗಳನ್ನು ಅವಳ ಹದಿನಾರು ವಾರಗಳಿಂದ ಕಳೆದು, ಉಳಿದ ಎಂಟು ವಾರಗಳ, ಎಂದರೆ ಎರಡು ತಿಂಗಳ, ಸಾಲಿನಲ್ಲಿಯೇ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ನೋಡತಕ್ಕುದು. ಆ ಸಾಲಿನಲ್ಲಿ ಕತ್ತು ನಿಲ್ಲುವುದನ್ನು ಯಾರೂ ನಿರೀಕ್ಷಿಸರು. ಮುಖ ನೋಡಿ ನಗುವಳೇ ಎಂಬುದನ್ನು ಗಮನಿಸಿರಿ, ನಗದಿದ್ದರೆ ವೈದ್ಯರಿಗೆ ತೋರಿಸಿರಿ. ಈ ವ್ಯವಕಲನವು ಸಾಮಾನ್ಯವಾಗಿ ಎರಡು ವರ್ಷ ತುಂಬುವವರೆಗೆ ಮಾತ್ರ.

ಆದರೆ ಲಸಿಕೆಯ ಪಟ್ಟಿಗೆ ಬಂದಾಗ ಈ ಲೆಕ್ಕವನ್ನು ಬಿಡಬೇಕು; ಅನೇಕರು ಎಡವುವುದು ಇಲ್ಲಿಯೇ. 6, 10, 14 ವಾರಗಳ ಚುಚ್ಚುಮದ್ದುಗಳನ್ನು ಹುಟ್ಟಿದ ದಿನದಿಂದಲೇ ಎಣಿಸುತ್ತಾರೆ. ತಾಯಿಯ ರಕ್ತದಿಂದ ರೋಗನಿರೋಧಕ ಅಂಶಗಳು ಶಿಶುವಿಗೆ ಹೆಚ್ಚಾಗಿ ಹರಿದುಬರುವುದು ಗರ್ಭಾವಸ್ಥೆಯ ಕಡೆಯ ವಾರಗಳಲ್ಲಿ. ಆ ವಾರಗಳನ್ನೇ ಕಳೆದುಕೊಂಡ ಕೂಸಿಗೆ ನಾಯಿಕೆಮ್ಮಿನಂತಹ ವ್ಯಾಧಿಗಳ ಭಯ ಅಧಿಕ. ಆದುದರಿಂದ ಮೂರೂ ಚುಚ್ಚುಮದ್ದುಗಳು ಆಗಿವೆಯೇ ಎಂದು ತಾಯಿ ಕಾರ್ಡಿನಲ್ಲಿ ಇಂದೇ ನೋಡಿರಿ. ಒಂದು ತಪ್ಪಿದ್ದರೆ ಮೊದಲಿನಿಂದ ಆರಂಭಿಸಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು.