ನಕ್ಷೆಯ ಮೇಲೊಂದು ಹಿತ್ತಲು

ಹಿತ್ತಲಿನ ಹಿಂಭಾಗ ಮನೆಯ ಬಾಗಿಲಿಗಿಂತ 45 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ. ಮೇಲಿನಿಂದ ನೋಡಿದಂತೆ ಬರೆಯುವ ಕ್ಯಾಡ್ ನಕ್ಷೆಯಲ್ಲಿ ಈ ಎತ್ತರ ಕಾಣುವುದಿಲ್ಲ. ಅದನ್ನು ಅಂಕಿಯಲ್ಲೇ ಹೇಳಬೇಕು. ಬಾಗಿಲ ಬಳಿ ±0.00, ಹಿಂಭಾಗಕ್ಕೆ +0.45 ಎಂದು ಮಟ್ಟದ ಗುರುತು ಹಾಕಿ. 15 ಸೆಂ.ಮೀ. ಎತ್ತರದ ಮೂರು ಮೆಟ್ಟಿಲೆಂದರೆ ದಾರಿಗೆ ಅಡ್ಡಲಾಗಿ 35 ಸೆಂ.ಮೀ. ಅಂತರದ ಮೂರು ಗೆರೆ, ಹತ್ತುವ ದಿಕ್ಕಿಗೊಂದು ಬಾಣ.

ಹೆಚ್ಚಿನವರು ಎಡವುವುದು ಗಿಡದ ಚಿಹ್ನೆಯಲ್ಲಿ. ವೃತ್ತದ ಅಳತೆ ಬೆಳೆದ ಗಿಡದ ಹರವಿನದಾಗಿರಬೇಕು, ಸಸಿಯದಲ್ಲ. ದಾಸವಾಳದ 1.5 ಮೀಟರ್ ವೃತ್ತವನ್ನು 1.2 ಮೀಟರ್ ಅಗಲದ ಪಾತಿಯ ನಡುವೆ ಇಟ್ಟು ನೋಡಿ: ಪಕ್ಕದ 90 ಸೆಂ.ಮೀ. ಕಾಲುದಾರಿಯೊಳಕ್ಕೆ ಅದು 15 ಸೆಂ.ಮೀ. ಚಾಚುವುದು ತೆರೆಯ ಮೇಲೇ ತಿಳಿಯುತ್ತದೆ. ಆಗ ಪಾತಿಯನ್ನು ಅಗಲಿಸಿ, ಇಲ್ಲವೇ ಗಿಡವನ್ನೇ ಬದಲಿಸಿ. ದಾರಿಯನ್ನು ಮಾತ್ರ ಕಿರಿದಾಗಿಸಬೇಡಿ.