ಹಲಗೆ ಎರಡು, ಹೊಳೆ ಎಂಟು ಮನೆ

2020ರ ಜನವರಿ ಕೊನೆಯಲ್ಲಿ ನಡೆದ ಗ್ಲೋಬಲ್ ಗೇಮ್ ಜ್ಯಾಮ್‌ಗೆ ಕೊಟ್ಟ ಥೀಮ್ ಒಂದೇ ಪದ: ರಿಪೇರಿ. ಗೇಮ್ ಜ್ಯಾಮ್ ಎಂದರೆ ಒಂದು ವಾರಾಂತ್ಯದಲ್ಲಿ, ಸುಮಾರು 48 ಗಂಟೆಗಳೊಳಗೆ, ಒಂದು ವಿಡಿಯೋ ಗೇಮನ್ನು ಶುರುವಿನಿಂದ ಕಟ್ಟಿ ಮುಗಿಸುವ ಕೂಟ. ಥೀಮ್ ಏನೆಂದು ಯಾರಿಗೂ ಮುಂಚೆ ಗೊತ್ತಿರುವುದಿಲ್ಲ. ಅದನ್ನು ಘೋಷಿಸಿದ ಮೇಲೆ ನಾಲ್ಕೈದು ಜನರ ತಂಡಗಳು ಮೇಜಿನ ಸುತ್ತ ಕೂತು ಯೋಚಿಸತೊಡಗುತ್ತವೆ. ಹೆಚ್ಚಿನ ತಂಡಗಳು ಎಡವುವುದು ಇಲ್ಲೇ. ಯಾರೋ ಒಬ್ಬರು ಕಥೆ ಹೇಳಲು ಶುರುಮಾಡುತ್ತಾರೆ: ಹಾಳಾದ ಒಂದು ಊರು, ಅದನ್ನು ಮತ್ತೆ ಕಟ್ಟುವ ಹುಡುಗಿ, ಅವಳ ಜೊತೆಗೊಂದು ತುಕ್ಕು ಹಿಡಿದ ರೋಬೋ. ಕೇಳಲು ಚೆನ್ನಾಗಿರುತ್ತದೆ. ಆದರೆ ಆಡುವವನ ಬೆರಳು ಏನು ಮಾಡಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಹಾಗಾಗಿ ಅನುಭವಿಗಳು ಕಥೆಯನ್ನು ಪಕ್ಕಕ್ಕಿಟ್ಟು ಮೊದಲು ಕ್ರಿಯಾಪದಗಳ ಪಟ್ಟಿ ಮಾಡುತ್ತಾರೆ. ಆಟಗಾರ ಮಾಡುವ ಕೆಲಸ ಯಾವುದು? ನೂಕುವುದೋ, ಎತ್ತುವುದೋ, ಕಾಯುವುದೋ? ಆ ಕೆಲಸಕ್ಕೆ ಮಿತಿಯೊಂದನ್ನು ಹಾಕಿದಾಗ ಆಟದ ಮೆಕ್ಯಾನಿಕ್, ಅಂದರೆ ಆಟ ನಡೆಯುವ ನಿಯಮ, ಹುಟ್ಟುತ್ತದೆ.

ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಫಿನ್ಲೆಂಡಿನ ಆರ್ವಿ ಟೆಯ್ಕಾರಿಯದು. 2017ರ ನಾರ್ಡಿಕ್ ಗೇಮ್ ಜ್ಯಾಮ್‌ನಲ್ಲಿ ಬಂದ ಥೀಮ್ ‘ನಾಟ್ ದೇರ್’, ಅಲ್ಲಿ ಇಲ್ಲದ್ದು. ಅಂಥ ಥೀಮ್ ಸಿಕ್ಕರೆ ಭೂತ, ಮಾಯವಾದ ಗೆಳೆಯ, ಖಾಲಿ ಮನೆ ಇವೇ ಮೊದಲು ಹೊಳೆಯುವುದು. ಟೆಯ್ಕಾರಿ ಹಿಡಿದದ್ದು ತರ್ಕಶಾಸ್ತ್ರದ ‘ಅಲ್ಲ’ ಎಂಬ ಗುರುತನ್ನು. ಮಂಜುಗಡ್ಡೆ ಕರಗುವುದಿಲ್ಲ ಎಂಬ ವಾಕ್ಯ ಪರದೆಯ ಮೇಲೆ ಇದ್ದರೆ, ಕುದಿಯುವ ಲಾವಾದೊಳಗೂ ಅದು ಕರಗಬಾರದಲ್ಲವೇ? ಅಲ್ಲಿಂದ ಮುಂದೆ ಆಟದ ನಿಯಮಗಳೇ ಪದಗಳ ಕಟ್ಟೆಗಳಾಗಿ ಪರದೆಯ ಮೇಲೆ ಬಂದು ಕೂತವು. `WALL IS STOP` ಎಂದು ಮೂರು ಕಟ್ಟೆಗಳು ಸಾಲಾಗಿ ಇರುವವರೆಗೆ ಗೋಡೆ ತಡೆಯುತ್ತದೆ. ಒಂದನ್ನು ಆಚೆ ನೂಕಿದರೆ ಗೋಡೆಯ ನಡುವೆಯೇ ನಡೆದು ಹೋಗಬಹುದು. ಆಟಗಾರನಿಗೆ ನಡೆಯುವುದನ್ನು ಬಿಟ್ಟರೆ ಇರುವ ಕೆಲಸ ಒಂದೇ, ನೂಕುವುದು. ಮಿತಿಗಳೂ ಅಷ್ಟೇ ಸರಳ: ವಾಕ್ಯವನ್ನು ಎಡದಿಂದ ಬಲಕ್ಕೆ ಅಥವಾ ಮೇಲಿಂದ ಕೆಳಕ್ಕೆ ಮಾತ್ರ ಓದಲಾಗುತ್ತದೆ, ಮೂಲೆಗೆ ಸೇರಿದ ಕಟ್ಟೆಯನ್ನು ಹೊರಗೆ ಎಳೆದುಕೊಳ್ಳಲು ಬರುವುದಿಲ್ಲ. ಆ ಜ್ಯಾಮ್ ಗೆದ್ದ ‘ಬಾಬಾ ಈಸ್ ಯು’ ಮುಂದೆ ಬೆಳೆದು 2019ರಲ್ಲಿ ಪೂರ್ಣ ಆಟವಾಗಿ ಮಾರುಕಟ್ಟೆಗೆ ಬಂತು.

ಈಗ ರಿಪೇರಿಯನ್ನೇ ಹಿಡಿದು ಒಂದು ಆಟ ಕಟ್ಟಿ ನೋಡೋಣ. ಕ್ರಿಯಾಪದಗಳು: ಅಂಟಿಸು, ಹೊಲಿ, ಬಿಚ್ಚು, ಒರೆಸು, ತೇಪೆ ಹಾಕು, ಬಡಿ, ಕಿತ್ತು ತಂದು ಜೋಡಿಸು. ಮೊದಲ ಐದಾರು ಪದಗಳನ್ನು ನಾನು ಸಾಮಾನ್ಯವಾಗಿ ಹೊಡೆದುಹಾಕುತ್ತೇನೆ, ಯಾಕೆಂದರೆ ಅವು ಪಕ್ಕದ ಮೇಜಿನವರಿಗೂ ಹೊಳೆದಿರುತ್ತವೆ. ತೂತು ಬಿದ್ದ ಹಡಗಿನಲ್ಲಿ ಓಡಾಡಿ ತೇಪೆ ಹಾಕುವ ಆಟವನ್ನು ಆ ವಾರಾಂತ್ಯದಲ್ಲಿ ಇನ್ನೆಷ್ಟು ಜನ ಮಾಡುತ್ತಿರುತ್ತಾರೋ! ಕೊನೆಯದರಲ್ಲಿ ಮಾತ್ರ ಏನೋ ಇದೆ. ಒಂದು ಕಡೆಯಿಂದ ಕಿತ್ತರೆ ಆ ಕಡೆ ಹಾಳಾಗುತ್ತದೆ. ರಿಪೇರಿಯ ಬೆಲೆ ಆ ಪದದೊಳಗೇ ಅಡಗಿದೆ.

ಅದಕ್ಕೊಂದು ಮಿತಿ: ಅಂಗಡಿಯಿಲ್ಲ, ಹೊಸ ಸಾಮಾನು ಸಿಗುವುದಿಲ್ಲ. ಮುರಿದುಬಿದ್ದ ಸೇತುವೆ, ಕೆಳಗೆ ಹೊಳೆ. ಕಂಪ್ಯೂಟರ್ ಮುಟ್ಟುವ ಮುಂಚೆ ಚೌಕುಳಿ ಹಾಳೆಯ ಮೇಲೆ ಒಂದು ಸಾಲು ಮನೆಗಳನ್ನು ಎಳೆಯಿರಿ, ಚೌಕಾಬಾರದ ಮನೆಗಳ ಹಾಗೆ. ಎಡಕ್ಕೊಂದು ದಡ, ಬಲಕ್ಕೊಂದು ದಡ. ಹಲಗೆಗಳಿಗೆ ಎರಡು ನಾಣ್ಯ, ಅವನ್ನು 1 ಮತ್ತು 2ನೇ ಮನೆಯಲ್ಲಿಡಿ. ಆಟಗಾರ ಹಲಗೆಯ ಮೇಲಷ್ಟೇ ನಿಲ್ಲಬಹುದು, ಪಕ್ಕದ ಹಲಗೆಯನ್ನು ಎತ್ತಬಹುದು, ಹಿಡಿದುಕೊಂಡು ನಡೆಯಬಹುದು, ಪಕ್ಕದ ಖಾಲಿ ಮನೆಯಲ್ಲಿ ಇಡಬಹುದು. ಒಂದು ಸಲಕ್ಕೆ ಕೈಯಲ್ಲಿ ಒಂದೇ.

ಆಡಿ ನೋಡಿದರೆ ಎರಡೇ ನಿಮಿಷದಲ್ಲಿ ದೋಷ ಕಾಣುತ್ತದೆ. 2ರಲ್ಲಿ ನಿಂತು 1ರ ಹಲಗೆ ಎತ್ತಿ 3ಕ್ಕೆ, 3ರಲ್ಲಿ ನಿಂತು 2ರದ್ದು 4ಕ್ಕೆ, ಹೀಗೇ ಸಮುದ್ರವನ್ನೂ ದಾಟಬಹುದು. ಆಟಗಾರನಿಗೆ ಕೆಲಸವಿದೆ, ತೀರ್ಮಾನ ತೆಗೆದುಕೊಳ್ಳುವ ಸಂದರ್ಭವೇ ಇಲ್ಲ. ಇಂಥದ್ದನ್ನು ನೇರವಾಗಿ ಕೋಡ್ ಮಾಡಿ, ಚಿತ್ರ ಬರೆದು, ನೀರಿನ ಸದ್ದನ್ನೂ ಸೇರಿಸಿ ಶನಿವಾರ ರಾತ್ರಿ ಆಡಿದಾಗ ‘ಯಾಕೋ ಸಪ್ಪೆ’ ಎಂದು ಅನ್ನಿಸುತ್ತದೆ. ಆಗ ಶತ್ರುಗಳನ್ನೂ ಗಡಿಯಾರವನ್ನೂ ತುರುಕಲು ಹೊರಡುತ್ತಾರೆ. ಹೊಸ ವಸ್ತು ತುರುಕುವ ಬದಲು ಇರುವ ಕ್ರಿಯಾಪದವನ್ನೇ ಬಿಗಿಗೊಳಿಸಬೇಕು.

ಹಳೆಯ ಮರ, ಪದೇ ಪದೇ ಎತ್ತಿದರೆ ತಾಳುವುದಿಲ್ಲ. ಪ್ರತಿ ಹಲಗೆಯನ್ನೂ ಎರಡೇ ಬಾರಿ ಎತ್ತಬಹುದು ಎನ್ನೋಣ. ಈಗ ಎರಡು ಹಲಗೆಗಳಿಂದ ಒಟ್ಟು ನಾಲ್ಕು ಎತ್ತು, ಅಂದರೆ ಆರು ಮನೆ ಅಗಲದ ಹೊಳೆಗೆ ಸರಿಯಾಗಿ ಸಾಕು. ಹೊಳೆಯನ್ನು ಎಂಟು ಮನೆ ಮಾಡಿ, 4ನೇ ಮನೆಯ ಪಕ್ಕದಲ್ಲಿ ಹತ್ತಲಾಗದ ಒಂದು ಬಂಡೆ ಇಟ್ಟು, ಅದರ ಮೇಲೆ ಮೂರನೆಯ ಹಲಗೆ ಇಡಿ. ಈಗ ಬೇಕಾದದ್ದು ಆರು ಎತ್ತು, ಇರುವುದೂ ಆರೇ.

ಆಟಗಾರ 4ಕ್ಕೆ ಬಂದಾಗ ಹಿಂದೆ 3ರಲ್ಲಿ ಇನ್ನೊಂದು ಹಲಗೆ ಇರುತ್ತದೆ. ಬಂಡೆಯ ಹಲಗೆಯನ್ನು ಎತ್ತಿ 5ಕ್ಕೆ ಇಟ್ಟು ಮುಂದೆ ಹೆಜ್ಜೆ ಹಾಕುತ್ತಾನೆ. ಈಗ ಕೈಗೆ ಹತ್ತಿರ ಇರುವುದು 4ರ ಹಲಗೆ. ಅಭ್ಯಾಸಬಲದಿಂದ ಅದನ್ನು ಎತ್ತಿ 6ಕ್ಕೆ ಇಟ್ಟರೆ, 3ರಲ್ಲಿದ್ದ ಹಲಗೆ ನೀರಿನಾಚೆ ಒಂಟಿಯಾಗಿ ಉಳಿಯುತ್ತದೆ. ಅದರಲ್ಲಿ ಇನ್ನೂ ಒಂದು ಎತ್ತು ಬಾಕಿ, ತಲುಪುವ ದಾರಿ ಇಲ್ಲ. ಆಟಗಾರ 7ರವರೆಗೆ ಹೋಗಿ, ದಡ ಒಂದೇ ಮನೆ ದೂರವಿರುವಾಗ ಸಿಕ್ಕಿಬೀಳುತ್ತಾನೆ. ಬದಲಿಗೆ 5ರಿಂದ ಒಂದು ಹೆಜ್ಜೆ ಹಿಂದೆ ಹೋಗಿ, 3ರದ್ದನ್ನು ಮೊದಲು ಎತ್ತಿ ತಂದು 6ಕ್ಕೆ, ಆಮೇಲೆ 4ರದ್ದನ್ನು 7ಕ್ಕೆ, 5ರದ್ದನ್ನು 8ಕ್ಕೆ ಹಾಕಿದರೆ ದಾಟುತ್ತಾನೆ. ಬಾಲದ ಕಡೆಯಿಂದ ಎತ್ತಬೇಕು ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಂದು ಬಾರಿ ಸೋತರೆ ಸಾಕು.

ಥೀಮ್ ನಿಜಕ್ಕೂ ಆಟದೊಳಗೆ ಇಳಿದಿದೆಯೇ ಎಂದು ನೋಡಲು ಒಂದು ಒರಟು ಪರೀಕ್ಷೆ ಇದೆ. ಚಿತ್ರ, ಕಥೆ, ಶೀರ್ಷಿಕೆ ಎಲ್ಲ ತೆಗೆದುಹಾಕಿ, ಬರೀ ಚೌಕಗಳನ್ನು ಉಳಿಸಿ ಹೊಸಬರ ಕೈಗೆ ಕೊಡಿ. ಹಡಗಿನ ಆಟದಲ್ಲಿ ಆಗ ಉಳಿಯುವುದು ಚುಕ್ಕೆಗಳ ಮೇಲೆ ಓಡಾಡುವ ಕೆಲಸ, ಅದು ಬೆಂಕಿ ಆರಿಸುವ ಆಟವೂ ಆಗಬಹುದು, ಇಲಿ ಹಿಡಿಯುವ ಆಟವೂ ಆಗಬಹುದು. ಹಲಗೆಯ ಆಟದಲ್ಲಿ ಹಿಂದಿನದನ್ನು ಕೆಡವಿ ಮುಂದಿನದನ್ನು ಸರಿಮಾಡುವ ಸಂಕಟ ಬರೀ ನಾಣ್ಯಗಳಲ್ಲೂ ಉಳಿದಿರುತ್ತದೆ.

ಇನ್ನು ಮಾಡುವವರ ಮೇಲಿನ ನಿರ್ಬಂಧ. ಪರದೆ ಒಂದೇ, ಜರುಗುವುದಿಲ್ಲ. ಬೀಳುವ ಅನಿಮೇಷನ್ ಬೇಡ, ಯಾಕೆಂದರೆ ನೀರಿಗೆ ಕಾಲಿಡಲು ಆಟ ಬಿಡುವುದೇ ಇಲ್ಲ. ಹಲಗೆಗೆ ಮೂರು ಚಿತ್ರ ಸಾಕು: ಗಟ್ಟಿ, ಬಿರುಕು ಬಿಟ್ಟದ್ದು, ಇನ್ನು ಎತ್ತಲಾಗದ್ದು. ಈ ಬಿರುಕು ಅಲಂಕಾರಕ್ಕಲ್ಲ; ಎಷ್ಟು ಎತ್ತು ಬಾಕಿ ಎಂಬುದನ್ನು ಆಟಗಾರ ನೋಡಿಯೇ ತಿಳಿಯಬೇಕು, ಲೆಕ್ಕ ಇಟ್ಟುಕೊಳ್ಳುವಂತಾಗಬಾರದು. ಎಷ್ಟೇ ಕತ್ತರಿ ಹಾಕಿದರೂ ಬಿಡಲಾಗದ್ದು ಒಂದಿದೆ, ಹಿಂದಿನ ನಡೆಯನ್ನು ರದ್ದು ಮಾಡುವ ಕೀ. ಇಲ್ಲಿ ತಪ್ಪು ನಡೆಯುವುದು 5ನೇ ಮನೆಯಲ್ಲಿ, ಗೊತ್ತಾಗುವುದು 7ನೇ ಮನೆಯಲ್ಲಿ. ಮತ್ತೆ ಮೊದಲಿನಿಂದ ಆಡಿ ಎಂದರೆ ತೀರ್ಪು ಕೊಡುವವರು ಮುಂದಿನ ತಂಡದ ಆಟ ತೆರೆಯುತ್ತಾರೆ; ನಾಲ್ಕು ನಡೆ ಹಿಂದಕ್ಕೆ ಹೋಗಲು ಬಿಟ್ಟರೆ ಎಲ್ಲಿ ಎಡವಿದೆವೆಂದು ಅವರೇ ಹುಡುಕುತ್ತಾರೆ.